ನಿಲ್ ಇಸಿ ಬಂದಿದೆ, ಹಾಗಾದರೆ ಫ್ಲ್ಯಾಟ್ ಕ್ಲಿಯರ್ ತಾನೇ?

ಪ್ರಶ್ನೆ: ಬೆಂಗಳೂರಿನಲ್ಲಿ 2009ರಲ್ಲಿ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇವೆ. ಬೆಲೆ 78 ಲಕ್ಷ. ಮಾರುತ್ತಿರುವ ದಂಪತಿ ಮೂರನೆಯ ಮಾಲೀಕರು. ಬ್ರೋಕರ್ 2004ರಿಂದ ಇವತ್ತಿನವರೆಗೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ಕೊಟ್ಟಿದ್ದಾರೆ. ನಮೂನೆ 16 ಬಂದಿದೆ, 'ಏನೂ ಋಣ ಇಲ್ಲ, ಪೂರ್ತಿ ಕ್ಲಿಯರ್' ಅಂತಾರೆ. ಮಾರುವವರ ಮೇಲೆ 22 ಲಕ್ಷ ಗೃಹಸಾಲ ಬಾಕಿ ಇದೆಯಂತೆ, ನಮ್ಮ ಅಡ್ವಾನ್ಸ್‌ನಲ್ಲೇ ತೀರಿಸುತ್ತೇವೆ ಅಂತಿದ್ದಾರೆ. ಈ ವಾರವೇ 5 ಲಕ್ಷ ಟೋಕನ್ ಕೊಡಬೇಕಂತೆ. ಇಷ್ಟು ನೋಡಿದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ದಯವಿಟ್ಟು ಈ ವಾರ ಟೋಕನ್ ಕೊಡಬೇಡಿ. ನಿಮ್ಮ ಕೈಯಲ್ಲಿರುವ ಇಸಿಯೇ ಏನೋ ತಪ್ಪಿದೆ ಎಂದು ಹೇಳುತ್ತಿದೆ.

ಸುಮ್ನೆ ಲೆಕ್ಕ ಹಾಕಿ ನೋಡಿ. ಕಟ್ಟಡ 2009ರದ್ದು. ಮಾರುವವರು ಮೂರನೆಯ ಮಾಲೀಕರು. ಅಂದರೆ ಆ ಫ್ಲ್ಯಾಟಿನ ಮೇಲೆ ಕನಿಷ್ಠ ಮೂರು ಕ್ರಯಪತ್ರಗಳು ನೋಂದಣಿ ಆಗಿರಲೇಬೇಕು. ಮೂರೂ 2004ರ ನಂತರದವು. ಹಾಗಾದರೆ 2004ರಿಂದ ಹುಡುಕಿದ ಇಸಿಯಲ್ಲಿ ಮೂರು ಸಾಲಾದರೂ ಕಾಣಬೇಕಿತ್ತು. ನಿಮಗೆ ಬರಬೇಕಿದ್ದದ್ದು ವ್ಯವಹಾರಗಳ ಪಟ್ಟಿ ಇರುವ ನಮೂನೆ 15. ಬಂದಿರುವುದು 'ಯಾವ ವ್ಯವಹಾರವೂ ಸಿಗಲಿಲ್ಲ' ಎನ್ನುವ ನಮೂನೆ 16. ಮರುಮಾರಾಟದ ಫ್ಲ್ಯಾಟಿಗೆ ನಮೂನೆ 16 ಬಂದರೆ ಖುಷಿಪಡುವ ವಿಷಯವಲ್ಲ. ಹುಡುಕಾಟ ಸರಿಯಾದ ಜಾಗದಲ್ಲಿ ನಡೆದಿಲ್ಲ ಎಂದೇ ಅದರ ಅರ್ಥ.

ಇಸಿ ಅಂದರೆ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. 'ಈ ಆಸ್ತಿ ಶುದ್ಧವಾಗಿದೆ' ಎಂದು ಸರ್ಕಾರ ಕೊಡುವ ಭರವಸೆ ಅಲ್ಲ ಅದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳಿಗೆ ಒಂದು ಸೂಚಿ ಇರುತ್ತದೆ. ನೀವು ಕೊಟ್ಟ ಆಸ್ತಿ ಸಂಖ್ಯೆ, ಹೆಸರು, ಅವಧಿಗೆ ಹೊಂದುವ ನಮೂದು ಆ ಸೂಚಿಯಲ್ಲಿ ಇದೆಯಾ ಎಂದು ಹುಡುಕಿ ಕೊಡುವ ಉತ್ತರವೇ ಇಸಿ. ನೀವು ಕೊಟ್ಟ ಸಂಖ್ಯೆ ಬೇರೆ, ಸೂಚಿಯಲ್ಲಿರುವ ಸಂಖ್ಯೆ ಬೇರೆ ಆದರೆ ಏನೂ ಸಿಗುವುದಿಲ್ಲ. ಆಗ ನಮೂನೆ 16 ಬರುತ್ತದೆ. ಅದು ಸುಳ್ಳು ಪ್ರಮಾಣಪತ್ರ ಅಲ್ಲ, ತಪ್ಪು ಪ್ರಶ್ನೆಗೆ ಸಿಕ್ಕ ಸರಿಯಾದ ಉತ್ತರ.

ಫ್ಲ್ಯಾಟುಗಳಲ್ಲಿ ಈ ತೊಂದರೆ ಜಾಸ್ತಿ. ಆ ಕಾಲದಲ್ಲಿ ಬಹಳಷ್ಟು ಬಿಲ್ಡರ್‌ಗಳು ಮೊದಲ ಮಾರಾಟವನ್ನು ಎರಡು ಪತ್ರಗಳಲ್ಲಿ ಮಾಡುತ್ತಿದ್ದರು. ಜಮೀನಿನ ಅವಿಭಜಿತ ಪಾಲಿಗೆ, ನಾವೆಲ್ಲ ಯುಡಿಎಸ್ ಅನ್ನುತ್ತೇವಲ್ಲ ಅದಕ್ಕೆ, ಒಂದು ಕ್ರಯಪತ್ರ. ಫ್ಲ್ಯಾಟ್ ಕಟ್ಟಿಕೊಡುವುದಕ್ಕೆ ಬೇರೆ ನಿರ್ಮಾಣ ಒಪ್ಪಂದ. ನೋಂದಣಿ ಆಗುತ್ತಿದ್ದದ್ದು ಎಷ್ಟೋ ಸಲ ಮೊದಲನೆಯದು ಮಾತ್ರ. ಅದರಲ್ಲಿ ಇರುತ್ತಿದ್ದದ್ದು ಸೈಟಿನ ಸಂಖ್ಯೆ ಅಥವಾ ಸರ್ವೆ ನಂಬರು ಮತ್ತು ಇಷ್ಟು ಚದರಡಿ ಪಾಲು ಎಂಬ ವಿವರ. ಫ್ಲ್ಯಾಟ್ ಸಂಖ್ಯೆ ನಿರ್ಮಾಣ ಒಪ್ಪಂದದಲ್ಲಿ ಉಳಿದುಬಿಡುತ್ತಿತ್ತು. ಈಗ ನೀವು ಫ್ಲ್ಯಾಟ್ ಸಂಖ್ಯೆ ಹಾಕಿ ಹುಡುಕಿದರೆ ಆ ಪತ್ರ ಎಲ್ಲಿಂದ ಸಿಗಬೇಕು?

ಇದರ ಜೊತೆಗೆ ಖಾತೆ ಸಂಖ್ಯೆ ಬದಲಾಗಿರಬಹುದು. ಊರಿನ ಹೊರಗಿದ್ದ ಸರ್ವೆ ನಂಬರು ಮೊದಲು ಪಂಚಾಯಿತಿ ಖಾತೆ, ಆಮೇಲೆ ನಗರಸಭೆಯ ಖಾತೆ, ಆಮೇಲೆ ಪಾಲಿಕೆ ಖಾತೆ ಆಗಿರುತ್ತದೆ. ಒಂದೇ ಜಾಗಕ್ಕೆ ಮೂರು ನಾಲ್ಕು ಗುರುತು. ಬೆಂಗಳೂರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗಳ ವ್ಯಾಪ್ತಿಯೂ ಬದಲಾಗುತ್ತಾ ಬಂದಿದೆ. ಈಗ ಆ ಬಡಾವಣೆ ಸೇರಿರುವ ಕಚೇರಿಯಲ್ಲಿ ಹಳೆಯ ಪತ್ರ ಇಲ್ಲದೇ ಇರಬಹುದು. ಅದು ಆಗಿನ ಕಚೇರಿಯಲ್ಲಿ ಕೂತಿರುತ್ತದೆ.

ಹಾಗಾಗಿ ಹುಡುಕುವ ಕ್ರಮವನ್ನೇ ತಿರುಗಿಸಿ. ಮೊದಲು ಮಾರುವವರಿಂದ ಅವರ ಕ್ರಯಪತ್ರದ ಪ್ರತಿ, ಅದಕ್ಕೂ ಹಿಂದಿನ ಎರಡು ಕ್ರಯಪತ್ರಗಳ ಪ್ರತಿ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿ. ಸಿಕ್ಕರೆ ಪತ್ರದ ಕೊನೆಯಲ್ಲಿರುವ ಷೆಡ್ಯೂಲ್ ಪುಟಗಳನ್ನು ತೆಗೆಯಿರಿ. ಸಾಮಾನ್ಯವಾಗಿ ಎ ಷೆಡ್ಯೂಲ್‌ನಲ್ಲಿ ಇಡೀ ಜಮೀನು, ಬಿ ಷೆಡ್ಯೂಲ್‌ನಲ್ಲಿ ಅದರಲ್ಲಿನ ಅವಿಭಜಿತ ಪಾಲು, ಸಿ ಷೆಡ್ಯೂಲ್‌ನಲ್ಲಿ ಫ್ಲ್ಯಾಟಿನ ವಿವರ ಇರುತ್ತದೆ. ಪ್ರತಿ ಪತ್ರದಲ್ಲೂ ಜಮೀನನ್ನು ಯಾವ ಸಂಖ್ಯೆಯಿಂದ ಕರೆದಿದ್ದಾರೆ, ಚಕ್ಕುಬಂದಿ ಏನು, ನೋಂದಣಿ ಸಂಖ್ಯೆ ಏನು, ಯಾವ ಕಚೇರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಆಮೇಲೆ kaveri.karnataka.gov.in ನಲ್ಲಿ ನಿಮ್ಮದೇ ಲಾಗಿನ್‌ನಿಂದ ಇಸಿಗೆ ಅರ್ಜಿ ಹಾಕಿ. ಬ್ರೋಕರ್ ಕೊಟ್ಟ ಪ್ರತಿಯನ್ನು ನಂಬಿ ಕೂರಬೇಡಿ. ಒಂದೇ ಅರ್ಜಿಯೂ ಸಾಲದು. ಫ್ಲ್ಯಾಟಿನ ಸಂಖ್ಯೆಗೆ ಒಂದು, ಇಡೀ ಜಮೀನಿನ ಈಗಿನ ಸಂಖ್ಯೆಗೆ ಒಂದು, ಹಳೆಯ ಸರ್ವೆ ನಂಬರಿಗೆ ಒಂದು. ಅಪಾರ್ಟ್‌ಮೆಂಟ್ ಆಗುವ ಮೊದಲಿನ ಜಮೀನಿನ ಮಾಲೀಕರ ಹೆಸರು ಹಾಕಿಯೂ ಹುಡುಕಿಸಿ. ಕರ್ನಾಟಕದಲ್ಲಿ ಗಣಕೀಕೃತ ಇಸಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಕೈಬರಹದ ಇಸಿಗೆ ಅರ್ಜಿ ಕೊಡಬೇಕು. ಎಷ್ಟು ವರ್ಷ ಹಿಂದೆ ಹೋಗಬೇಕು ಎಂದು ಎಲ್ಲರೂ ಕೇಳುತ್ತಾರೆ. ಆಸ್ತಿಯ ಸ್ವಾಧೀನಕ್ಕಾಗಿ ದಾವೆ ಹಾಕಲು ಸಾಮಾನ್ಯವಾಗಿ 12 ವರ್ಷದ ಗಡುವು ಇರುವುದರಿಂದ 13 ವರ್ಷದ ಇಸಿ ಸಾಕು ಎನ್ನುವವರಿದ್ದಾರೆ. ಆದರೆ ಅಡಮಾನ ಬಿಡಿಸಿಕೊಳ್ಳುವ ದಾವೆಗೆ ಕಾನೂನು 30 ವರ್ಷ ಕೊಡುತ್ತದೆ. ನಾನು ಯಾವತ್ತೂ 30 ವರ್ಷಕ್ಕಿಂತ ಕಡಿಮೆ ನೋಡುವುದಿಲ್ಲ. ಫ್ಲ್ಯಾಟಿಗೆ ಅಷ್ಟು ವಯಸ್ಸಾಗಿಲ್ಲ ನಿಜ, ಅದರ ಕೆಳಗಿನ ಜಮೀನಿಗೆ ಆಗಿರುತ್ತದೆ.

ಈ ಶ್ರಮ ಯಾಕೆ ಬೇಕು ಎಂದು ತೋರಿಸಲು ನನ್ನ ಕೈಗೆ ಬಂದಿದ್ದ ಒಂದು ಫೈಲಿನ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ಸಂಖ್ಯೆಗಳನ್ನು ಬದಲಿಸಿದ್ದೇನೆ.

ಸೈಟು 80 ಅಡಿಗೆ 120 ಅಡಿ, ಅಂದರೆ 9600 ಚದರಡಿ. ಜಮೀನಿನ ಮಾಲೀಕರು ಒಬ್ಬ ಹಿರಿಯರು. 2006ರಲ್ಲಿ ಒಬ್ಬ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡರು, ಜೊತೆಗೆ ತಮ್ಮ ಪರವಾಗಿ ಸಹಿ ಮಾಡುವ ಅಧಿಕಾರ ಕೊಡುವ ಜಿಪಿಎ ಬರೆದುಕೊಟ್ಟರು. ಒಟ್ಟು 20 ಫ್ಲ್ಯಾಟ್. ಮಾಲೀಕರಿಗೆ ನೂರಕ್ಕೆ 40 ಪಾಲು, ಬಿಲ್ಡರ್‌ಗೆ 60. ಅಂದರೆ ಇವರಿಗೆ 8, ಅವರಿಗೆ 12. ನನ್ನ ಬಳಿ ಬಂದ ದಂಪತಿ ಕೊಳ್ಳಲು ಹೊರಟಿದ್ದು 302ನೇ ಫ್ಲ್ಯಾಟ್. 2009ರಲ್ಲಿ ಮೊದಲ ಮಾರಾಟ, 2016ರಲ್ಲಿ ಎರಡನೆಯದು.

ಫ್ಲ್ಯಾಟ್ ಸಂಖ್ಯೆ ಹಾಕಿದ ಇಸಿಯಲ್ಲಿ 2016ರ ಕ್ರಯಪತ್ರ ಮಾತ್ರ ಬಂತು. 2009ರದ್ದು ಇರಲಿಲ್ಲ. ಸೈಟಿನ ಸಂಖ್ಯೆ ಹಾಕಿದ ಮೇಲೆ ಉದ್ದದ ಪಟ್ಟಿ ಬಂತು. ಒಪ್ಪಂದ, ಜಿಪಿಎ, ಒಂದೊಂದಾಗಿ 20 ಜನರಿಗೆ ಅವಿಭಜಿತ ಪಾಲಿನ ಮಾರಾಟ. ಒಬ್ಬೊಬ್ಬರಿಗೂ 480 ಚದರಡಿ. ಕೂಡಿದರೆ 9600, ಲೆಕ್ಕ ಸರಿಹೋಯಿತು. ಈ ಕೂಡುವ ಕೆಲಸವನ್ನು ನೀವೂ ಮಾಡಿ. ಮಾರಿದ ಪಾಲುಗಳ ಮೊತ್ತ ಜಮೀನಿಗಿಂತ ದೊಡ್ಡದಾದರೆ ಇಲ್ಲದ ಭೂಮಿಯನ್ನು ಯಾರಿಗೋ ಮಾರಿದ್ದಾರೆ ಎಂದೇ ಅರ್ಥ. ಅನುಮತಿ ಇಲ್ಲದೆ ಒಂದು ಮಹಡಿ ಮೇಲೆ ಎಬ್ಬಿಸಿರುವ ಕಡೆ ಇದು ಕಾಣಿಸುತ್ತದೆ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಮಾರುವವರ ವಕೀಲರು ಇಷ್ಟಕ್ಕೇ ನಿಲ್ಲಿಸಿ ಒಳ್ಳೆಯ ಅಭಿಪ್ರಾಯ ಬರೆದುಕೊಟ್ಟಿದ್ದರು. ನಾನು 2009ರ ಕ್ರಯಪತ್ರದ ದೃಢೀಕೃತ ನಕಲು ತರಿಸಿ ಓದಿದೆ. ಸಹಿ ಮಾಡಿದ್ದು ಬಿಲ್ಡರ್, ಜಮೀನಿನ ಮಾಲೀಕರ ಜಿಪಿಎ ಹೋಲ್ಡರ್ ಆಗಿ. ಪತ್ರದ ಎರಡನೇ ಪುಟದಲ್ಲಿ ಹಿನ್ನೆಲೆ ಹೇಳುವ ಭಾಗದಲ್ಲಿ ಒಂದು ಸಾಲಿತ್ತು. '2007ರ ಹಂಚಿಕೆ ಒಪ್ಪಂದದ ಪ್ರಕಾರ ತಮ್ಮ ಪಾಲಿಗೆ ಬಂದ ಫ್ಲ್ಯಾಟನ್ನು' ಮಾರುತ್ತಿದ್ದೇವೆ ಎಂದು. ಈ ಹಂಚಿಕೆ ಒಪ್ಪಂದ ಇಸಿಯಲ್ಲಿ ಎಲ್ಲೂ ಇರಲಿಲ್ಲ. ಕಾರಣ, ಅದನ್ನು ನೋಂದಣಿ ಮಾಡಿಸಿರಲಿಲ್ಲ. ನೋಂದಣಿ ಆಗದ ಕಾಗದ ಇಸಿಗೆ ಕಾಣುವುದೇ ಇಲ್ಲ.

ಮಾರುವವರ ಬಳಿ ಆ ಒಪ್ಪಂದ ಇರಲಿಲ್ಲ. ಅಂಥದ್ದೊಂದು ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಹಳೆಯ ಫೈಲಿನಿಂದ ಪ್ರತಿ ಹುಡುಕಿಕೊಟ್ಟರು. ಅದರಲ್ಲಿ ಯಾವ ಫ್ಲ್ಯಾಟ್ ಯಾರಿಗೆ ಎಂದು ಪಟ್ಟಿ ಇತ್ತು. 302 ಇದ್ದದ್ದು ಜಮೀನಿನ ಮಾಲೀಕರ ಪಾಲಿನಲ್ಲಿ! 2006ರ ಜಿಪಿಎ ಓದಿದರೆ, ಬಿಲ್ಡರ್‌ಗೆ ಮಾರುವ ಅಧಿಕಾರ ಕೊಟ್ಟಿದ್ದು ಬಿಲ್ಡರ್ ಪಾಲಿನ ಫ್ಲ್ಯಾಟುಗಳಿಗೆ ಮಾತ್ರ. ಅಂದರೆ ತನಗೆ ಅಧಿಕಾರವೇ ಇಲ್ಲದ ಫ್ಲ್ಯಾಟನ್ನು ಬಿಲ್ಡರ್ 2009ರಲ್ಲಿ ಮಾರಿದ್ದ. 2016ರಲ್ಲಿ ಕೊಂಡವರಿಗೂ ಅದೇ ದೋಷ ಬಂದಿತ್ತು. ಆಗ ಒಂದು ಬ್ಯಾಂಕ್ ಅದರ ಮೇಲೆ ಸಾಲವನ್ನೂ ಕೊಟ್ಟಿತ್ತು. 'ಬ್ಯಾಂಕ್ ಸಾಲ ಕೊಟ್ಟಿದೆ ಅಂದರೆ ಪತ್ರ ಸರಿ ಇರುತ್ತೆ' ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿಗಾಗಿ. ಸಾಲಗಾರನ ಸಂಬಳದ ಮೇಲೂ ಬ್ಯಾಂಕಿಗೆ ಹಿಡಿತ ಇರುತ್ತದೆ. ನಿಮಗೆ ಇರುವುದು ಆ ಫ್ಲ್ಯಾಟ್ ಒಂದೇ.

ಮೋಸ ಅಂತ ತಕ್ಷಣ ತೀರ್ಮಾನಿಸಲಿಲ್ಲ. ಸೈಟಿನ ಇಸಿಯನ್ನು ಮತ್ತೆ ನೋಡಿದಾಗ ಇನ್ನೊಂದು ವಿಚಿತ್ರ ಕಂಡಿತು. 402ನೇ ಫ್ಲ್ಯಾಟ್ ಹಂಚಿಕೆಯ ಪ್ರಕಾರ ಬಿಲ್ಡರ್‌ದು. ಆದರೆ 2010ರಲ್ಲಿ ಅದಕ್ಕೆ ಸೇರಿದ ಪಾಲನ್ನು ಜಮೀನಿನ ಮಾಲೀಕರೇ ಸ್ವಂತ ಸಹಿಯಿಂದ ಮಾರಿದ್ದರು, ಹಣವೂ ಅವರ ಹೆಸರಿಗೇ ಹೋಗಿತ್ತು. ವಿಷಯ ಸ್ಪಷ್ಟವಾಯಿತು. ಇಬ್ಬರೂ ಬಾಯಿಮಾತಿನಲ್ಲಿ 302 ಮತ್ತು 402ನ್ನು ಅದಲುಬದಲು ಮಾಡಿಕೊಂಡಿದ್ದರು. ಕಾಗದ ಮಾತ್ರ ಮಾಡಿಕೊಂಡಿರಲಿಲ್ಲ.

ಆ ಹಿರಿಯರು 2014ರಲ್ಲಿ ತೀರಿಕೊಂಡಿದ್ದರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರು. ಇವರಲ್ಲಿ ಯಾರಾದರೂ ಒಬ್ಬರು ನಾಳೆ 'ನಮ್ಮ ತಂದೆಯ ಫ್ಲ್ಯಾಟನ್ನು ಬಿಲ್ಡರ್ ಅಧಿಕಾರ ಇಲ್ಲದೆ ಮಾರಿದ್ದಾನೆ' ಎಂದು ಕೋರ್ಟಿಗೆ ಹೋದರೆ? ಗೆಲ್ಲುತ್ತಾರೋ ಇಲ್ಲವೋ, ವರ್ಷಗಟ್ಟಲೆ ಅಲೆಯಬೇಕಾಗುವುದು ಕೊಂಡವರು. ಪರಿಹಾರ ಒಂದೇ ಇತ್ತು. ಆ ನಾಲ್ವರೂ ಸೇರಿ ದೃಢೀಕರಣ ಪತ್ರ ಬರೆದುಕೊಡುವುದು. 'ನಮ್ಮ ತಂದೆ 302ರ ಬದಲಿಗೆ 402 ತೆಗೆದುಕೊಂಡಿದ್ದಾರೆ, 2009ರ ಮಾರಾಟವನ್ನು ನಾವು ಒಪ್ಪುತ್ತೇವೆ, 302ರಲ್ಲಿ ನಮಗೆ ಹಕ್ಕಿಲ್ಲ' ಎಂದು. ಅದನ್ನು ನೋಂದಣಿ ಮಾಡಿಸಬೇಕು, ಆಗ ಮುಂದಿನ ಇಸಿಯಲ್ಲಿ ಬರುತ್ತದೆ. ಖರ್ಚನ್ನು ಮಾರುವವರು ಹೊತ್ತರು. ಮಗಳು ವಿದೇಶದಲ್ಲಿದ್ದರು, ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರ ಮಾಡಿಸಿ ಕಳಿಸಬೇಕಾಯಿತು. ಎಲ್ಲ ಮುಗಿಯಲು ಏಳು ವಾರ ಹಿಡಿಯಿತು. ನನ್ನ ಕಕ್ಷಿದಾರರು ಅಷ್ಟೂ ದಿನ ಒಂದು ರೂಪಾಯಿ ಟೋಕನ್ ಕೊಡದೆ ಕಾದರು. ಕೊಟ್ಟುಬಿಟ್ಟಿದ್ದರೆ ಮಾರುವವರಿಗೆ ಆ ನಾಲ್ವರ ಮನೆಗೆ ಅಲೆಯುವ ಅವಸರ ಇರುತ್ತಿರಲಿಲ್ಲ.

ನಿಮ್ಮ ಫ್ಲ್ಯಾಟಿನಲ್ಲಿ ಇದೇ ತೊಂದರೆ ಇದೆ ಎಂದು ಹೇಳುತ್ತಿಲ್ಲ. ಪ್ರತಿ ಕ್ರಯಪತ್ರದ ಮೊದಲ ಎರಡು ಮೂರು ಪುಟಗಳನ್ನು ಓದಿ, ಅಲ್ಲಿ ಹೆಸರಿಸಿದ ಪ್ರತಿಯೊಂದು ಕಾಗದವನ್ನೂ ಕೇಳಿ ಪಡೆಯಿರಿ ಎನ್ನುತ್ತಿದ್ದೇನೆ. ವಿಭಾಗಪತ್ರ, ಉಯಿಲು, ಹಕ್ಕು ಬಿಡುಗಡೆ ಪತ್ರ, ಭೂಪರಿವರ್ತನೆ ಆದೇಶ, ಯಾವುದೇ ಇರಲಿ. ಪತ್ರ ತಾನೇ ಹೆಸರಿಸಿದ ಕಾಗದ ಕೈಗೆ ಸಿಗದಿದ್ದರೆ ಸರಪಳಿಯ ಒಂದು ಕೊಂಡಿ ಇಲ್ಲ ಎಂದು ಲೆಕ್ಕ.

ಮಧ್ಯದಲ್ಲಿ ಎಲ್ಲಾದರೂ ಜಿಪಿಎ ಬಂದರೆ ಎರಡು ವಿಷಯ ನೋಡಿ. ಬರೀ ಜಿಪಿಎ ಮತ್ತು ಕರಾರಿನ ಮೇಲೆಯೇ 'ಮಾರಾಟ' ಆಗಿದ್ದರೆ ಅದರಿಂದ ಮಾಲೀಕತ್ವ ಬರುವುದಿಲ್ಲ, 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಜಿಪಿಎ ಹೋಲ್ಡರ್ ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಮಾಡಿದ್ದರೆ, ಆ ದಿನ ಮಾಲೀಕರು ಬದುಕಿದ್ದರಾ ಎಂದು ತಿಳಿದುಕೊಳ್ಳಿ. ಸಾಮಾನ್ಯವಾಗಿ ಬರೆದುಕೊಟ್ಟವರ ಸಾವಿನೊಂದಿಗೆ ಜಿಪಿಎ ಮುಗಿಯುತ್ತದೆ. ಬಿಲ್ಡರ್ ತನ್ನ ಹಣ ತೊಡಗಿಸಿರುವ ಜಂಟಿ ಅಭಿವೃದ್ಧಿಯಲ್ಲಿ ಇದಕ್ಕೆ ಅಪವಾದ ಇದೆ ಎಂದು ವಾದಿಸಲು ಅವಕಾಶ ಇದೆ, ಆದರೆ ವಾದಿಸಬೇಕಾದ ಫ್ಲ್ಯಾಟನ್ನು ಕೊಳ್ಳುವುದು ಯಾಕೆ?

ಹಿಂದಿನ ಮಾಲೀಕರಲ್ಲಿ ಯಾರಾದರೂ ತೀರಿಕೊಂಡು ಮನೆಯವರು ಮಾರಿದ್ದರೆ ವಾರಸುದಾರರ ಪಟ್ಟಿಯನ್ನು ಜಾಗ್ರತೆಯಿಂದ ನೋಡಿ. ಹಿಂದೂ ಕುಟುಂಬದಲ್ಲಿ ಗಂಡ ಉಯಿಲು ಬರೆಯದೆ ಹೋದರೆ ಹೆಂಡತಿ, ಮಕ್ಕಳ ಜೊತೆಗೆ ಅವರ ತಾಯಿಯೂ ಸಮಾನ ವಾರಸುದಾರರು. ಸೊಸೆ ಮತ್ತು ಮೊಮ್ಮಕ್ಕಳು ಸಹಿ ಹಾಕಿ, ಊರಿನಲ್ಲಿರುವ ಅಜ್ಜಿಯನ್ನು ಮರೆತ ಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲು ಮಾರಲು ಕೋರ್ಟಿನ ಅನುಮತಿ ಪಡೆದಿದ್ದರಾ ಎಂದು ಕೇಳಿ. ಈ ಸಾವು, ಈ ವಾರಸುದಾರಿಕೆ ಯಾವುದೂ ಇಸಿಯಲ್ಲಿ ಬರುವುದಿಲ್ಲ.

ಈಗ ಸಾಲದ ವಿಷಯ. ಮಾರುವವರೇ 22 ಲಕ್ಷ ಬಾಕಿ ಇದೆ ಅಂತಿದ್ದಾರೆ, ನಿಮ್ಮ ಇಸಿಯಲ್ಲಿ ಅದರ ಸುಳಿವಿಲ್ಲ. ಸಂಖ್ಯೆ ತಪ್ಪಿರುವುದು ಒಂದು ಕಾರಣ ಇರಬಹುದು. ಇನ್ನೊಂದು ಕಾರಣವೂ ಸಾಧ್ಯ. ಗೃಹಸಾಲದಲ್ಲಿ ಸಾಮಾನ್ಯವಾಗಿ ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಅಡಮಾನ ಮಾಡುತ್ತಾರೆ. ಅದರ ಬಗ್ಗೆ ಬರೆದುಕೊಳ್ಳುವ ಪತ್ರ ನೋಂದಣಿ ಆದರೆ ಇಸಿಯಲ್ಲಿ ಕಾಣುತ್ತದೆ, ಆಗದಿದ್ದರೆ ಕಾಣುವುದಿಲ್ಲ. ಪತ್ರ ಇಟ್ಟ ಮಾತ್ರಕ್ಕೇ ಅಡಮಾನ ಆಗಿರುತ್ತದೆ. ಅದಕ್ಕಾಗಿ ಸೆರ್ಸೈ ಎಂಬ ಕೇಂದ್ರೀಯ ದಾಖಲೆ ಇದೆ. ಬ್ಯಾಂಕುಗಳು ಆಸ್ತಿಯ ಮೇಲಿನ ಅಡಮಾನಗಳನ್ನು ಅಲ್ಲಿ ದಾಖಲಿಸುತ್ತವೆ, 2011ರಿಂದ ಇದು ನಡೆಯುತ್ತಿದೆ. www.cersai.org.in ನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಫ್ಲ್ಯಾಟಿನ ವಿವರ ಹಾಕಿ ಒಮ್ಮೆ, ಮಾರುವವರ ವಿವರ ಹಾಕಿ ಒಮ್ಮೆ ಹುಡುಕಿ. ಅವರು ಹೇಳಿದ ಒಂದು ಸಾಲ ಮಾತ್ರ ಇದೆಯಾ, ಬೇರೆ ಸಾಲವೂ ಇದೆಯಾ ಎಂಬುದು ಆಗ ಗೊತ್ತಾಗುತ್ತದೆ.

ನಿಮ್ಮ ಅಡ್ವಾನ್ಸ್ ತೆಗೆದುಕೊಂಡು ಅವರು ಸಾಲ ತೀರಿಸುವುದು ಬೇಡ. ಆ ಹಣ ಅವರ ಖಾತೆಗೆ ಹೋದ ಮೇಲೆ ಎಲ್ಲಿಗೆ ಹೋಯಿತು ಎಂದು ನೀವು ಹಿಡಿಯಲು ಆಗುವುದಿಲ್ಲ. ಅದರ ಬದಲು ಮಾರುವವರು ತಮ್ಮ ಬ್ಯಾಂಕಿನಿಂದ ಎರಡು ಪತ್ರ ತರಲಿ. ಇಂಥ ದಿನಕ್ಕೆ ಸಾಲ ಮುಗಿಸಲು ಎಷ್ಟು ಕಟ್ಟಬೇಕು ಎಂಬುದು ಒಂದು. ಬ್ಯಾಂಕಿನ ಬಳಿ ಯಾವ ಯಾವ ಮೂಲ ದಾಖಲೆಗಳಿವೆ ಎಂಬ ಪಟ್ಟಿ ಇನ್ನೊಂದು. ಈ ಎರಡನೆಯದು ಬಹಳ ಮುಖ್ಯ. ಅವರ ಕ್ರಯಪತ್ರದ ಜೊತೆ ಹಿಂದಿನ ಎರಡು ಮೂಲಪತ್ರಗಳೂ ಆ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಅವು ಎಲ್ಲಿವೆ ಎಂದು ಕೇಳಿ. 'ಕಳೆದುಹೋಗಿವೆ' ಎಂಬ ಉತ್ತರ ಬಂದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ ಇವನ್ನು ನೋಡಿ, ಆದರೂ ನನ್ನ ಸಂಶಯ ಪೂರ್ತಿ ಹೋಗುವುದಿಲ್ಲ. ಕಳೆದುಹೋಗಿದೆ ಎಂದ ಪತ್ರ ಸಾಲ ಕೊಟ್ಟ ಇನ್ನೊಬ್ಬನ ಬೀರುವಿನಲ್ಲಿ ಇರುವುದುಂಟು.

ಹಣ ಹೋಗುವ ದಾರಿ ಹೀಗಿರಲಿ. ನೀವು ಸಾಲ ಪಡೆಯುವ ಬ್ಯಾಂಕು 22 ಲಕ್ಷವನ್ನು ನೇರವಾಗಿ ಮಾರುವವರ ಸಾಲದ ಖಾತೆಗೇ ಕಟ್ಟಲಿ. ಅವರ ಬ್ಯಾಂಕ್ ಮೂಲಪತ್ರಗಳನ್ನು ನಿಮ್ಮ ಬ್ಯಾಂಕಿಗೆ ಒಪ್ಪಿಸಲಿ ಎಂಬ ಏರ್ಪಾಡು ಮೊದಲೇ ಬರವಣಿಗೆಯಲ್ಲಿ ಆಗಲಿ. ಉಳಿದ ಹಣ ನೋಂದಣಿಯ ದಿನ ಮಾರುವವರಿಗೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಿ, ದಾಖಲೆಯಲ್ಲಿರುವ ಅಡಮಾನವನ್ನೂ ತೆಗೆಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2023ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5000 ರೂಪಾಯಿ ಪರಿಹಾರ ಕೊಡಬೇಕು. ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆಯೂ ನೋಂದಣಿ ಆಗಬೇಕು. ಬರೀ 'ನೋ ಡ್ಯೂ' ಕಾಗದ ಇದ್ದು ಬಿಡುಗಡೆ ನೋಂದಣಿ ಆಗದಿದ್ದರೆ, ಹತ್ತು ವರ್ಷ ಆದ ಮೇಲೂ ಇಸಿಯಲ್ಲಿ ಆ ಸಾಲ ಬದುಕಿರುವಂತೆಯೇ ಕಾಣುತ್ತದೆ.

ಕೋರ್ಟ್ ಕೇಸುಗಳನ್ನು ಬೇರೆಯೇ ಹುಡುಕಬೇಕು. ದಾವೆ ನಡೆಯುತ್ತಿದೆ ಎಂಬ ಮಾತ್ರಕ್ಕೆ ಅದು ಇಸಿಯಲ್ಲಿ ಬರುವುದಿಲ್ಲ. ಆದರೆ ದಾವೆ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗಬೇಕು. services.ecourts.gov.in ನಲ್ಲಿ ಮಾರುವವರು, ಬಿಲ್ಡರ್, ಜಮೀನಿನ ಮೂಲ ಮಾಲೀಕರು, ಈ ಎಲ್ಲರ ಹೆಸರು ಹಾಕಿ ನೋಡಿ. ಹೆಸರಿನ ಕಾಗುಣಿತ ಬೇರೆ ಬೇರೆ ಇರಬಹುದು, ಎರಡು ಮೂರು ರೀತಿ ಹಾಕಿ. ಮಾರುವವರು ಇನ್ನೊಬ್ಬರಿಂದ ಈಗಾಗಲೇ ಟೋಕನ್ ತೆಗೆದುಕೊಂಡು ನೋಂದಣಿ ಇಲ್ಲದ ಕರಾರು ಮಾಡಿಕೊಂಡಿದ್ದರೆ ಅದನ್ನು ತಿಳಿಯಲು ಯಾವ ದಾಖಲೆಯೂ ಇಲ್ಲ. ಅದಕ್ಕಾಗಿಯೇ ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದು. ಆಕ್ಷೇಪಣೆಗೆ ಏಳರಿಂದ ಹದಿನೈದು ದಿನ ಕೊಡಿ. ಇದರಿಂದ ಎಲ್ಲರ ಬಾಯಿ ಮುಚ್ಚುವುದಿಲ್ಲ, ಆದರೆ ನೀವು ವಿಚಾರಿಸಿಯೇ ಕೊಂಡಿರಿ ಎಂಬುದಕ್ಕೆ ಸಾಕ್ಷಿ ಉಳಿಯುತ್ತದೆ.

ಇ-ಖಾತಾ ಇದೆ ಎಂದು ಬ್ರೋಕರ್ ತೋರಿಸಬಹುದು. ಅದು ಬೇಕು, ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಆದರೆ ಖಾತೆ ತೆರಿಗೆ ಯಾರು ಕಟ್ಟಬೇಕು ಎಂದು ಹೇಳುವ ದಾಖಲೆ, ಮಾಲೀಕತ್ವವನ್ನು ಹುಟ್ಟಿಸುವ ದಾಖಲೆ ಅಲ್ಲ. ಅದರಲ್ಲಿರುವ ಹೆಸರು, ಅಳತೆ, ಫ್ಲ್ಯಾಟ್ ಸಂಖ್ಯೆ ಕ್ರಯಪತ್ರದೊಂದಿಗೆ ಹೊಂದುತ್ತಾ ಎಂದು ಮಾತ್ರ ನೋಡಿ.

ಇದೆಲ್ಲಕ್ಕೆ ಮೂರು ನಾಲ್ಕು ವಾರ ಬೇಕು. ಮಾರುವವರು ಕಾಯಲು ಒಪ್ಪದಿದ್ದರೆ ಸಣ್ಣ ಮೊತ್ತ ಕೊಟ್ಟು ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳಿ. ಪತ್ರಗಳಲ್ಲಿ ದೋಷ ಕಂಡು ಅವರು ಸರಿಪಡಿಸದಿದ್ದರೆ ಹಣ ಪೂರ್ತಿ ವಾಪಸ್ ಎಂಬ ಷರತ್ತು ಅದರಲ್ಲಿ ಇರಲೇಬೇಕು. 5 ಲಕ್ಷ ಸಣ್ಣ ಮೊತ್ತ ಅಲ್ಲ.

ಕೊನೆಯ ಇಸಿಯನ್ನು ನೋಂದಣಿಗೆ ಒಂದೆರಡು ದಿನ ಮುಂಚೆ ಮತ್ತೆ ತೆಗೆಯಿರಿ. ಕರಾರಿಗೂ ನೋಂದಣಿಗೂ ನಡುವೆ ಒಂದೆರಡು ತಿಂಗಳು ಕಳೆದಿರುತ್ತದೆ, ಅಷ್ಟರಲ್ಲಿ ಏನು ಬೇಕಾದರೂ ಆಗಿರಬಹುದು. ನಿಮ್ಮ ಕ್ರಯಪತ್ರದ ಷೆಡ್ಯೂಲ್‌ನಲ್ಲಿ ಹಳೆಯ ಸರ್ವೆ ನಂಬರು, ಹಳೆಯ ಖಾತೆ ಸಂಖ್ಯೆ, ಈಗಿನ ಇ-ಖಾತಾ ಸಂಖ್ಯೆ, ಫ್ಲ್ಯಾಟ್ ಸಂಖ್ಯೆ ನಾಲ್ಕನ್ನೂ ಬರೆಸಿ. ನೋಂದಣಿಯಾಗಿ ಕೆಲವು ದಿನಗಳ ಮೇಲೆ ಫ್ಲ್ಯಾಟ್ ಸಂಖ್ಯೆ ಹಾಕಿ ಇನ್ನೊಂದು ಇಸಿ ತೆಗೆದು, ನಿಮ್ಮ ಹೆಸರಿನ ಸಾಲು ಸರಿಯಾದ ಸಂಖ್ಯೆಯ ಅಡಿಯಲ್ಲಿ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಅದೇ ವಾರ ಕಚೇರಿಗೆ ಹೋಗಿ ತಿದ್ದಿಸಿ. ಪತ್ರದಲ್ಲೇ ತಪ್ಪಿದ್ದರೆ ಮಾರಿದವರನ್ನು ಕರೆದು ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ. ಆಗ ಅವರು ಇನ್ನೂ ಫೋನಿಗೆ ಸಿಗುತ್ತಾರೆ.